ಬಚ್ಚಿಟ್ಟ ಎಲೆ

ಚಾಮರಾಜಪೇಟೆಯ ಅನುದಾನಿತ ಶಾಲೆಯೊಂದರಲ್ಲಿ ಏಳನೇ ತರಗತಿಗೆ ಗಣಿತ ಹೇಳುತ್ತಿದ್ದ ಸುಪ್ರಜಾ, ಮೈನಸ್ ಸಂಖ್ಯೆಗಳನ್ನು ಇಸ್ಪೀಟು ಎಲೆಗಳಿಂದ ಕಲಿಸುತ್ತಿದ್ದಳು. ೧೯೯೮ರ ಆಗಸ್ಟಿನಲ್ಲಿ ಒಬ್ಬ ಹುಡುಗನ ಚೀಲದಲ್ಲಿ ಆಟೀನ್ ಎಕ್ಕ ಸಿಕ್ಕಿತೆಂದು ಅವನ ತಾತ ದೊರೆಸ್ವಾಮಿ ಶಾಲೆಗೆ ಬಂದು ರೇಗಿದರು. ಹೆಡ್‌ಮಾಸ್ಟರ್ ಗಂಗಾಧರಯ್ಯನವರಿಗೆ ಗಲಾಟೆಯೆಂದರೆ ಆಗದು. ಎಲ್ಲ ಪೋಷಕರಿಗೂ ಒಂದು ಪತ್ರ ಬರೆದು ಸಹಿ ಹಾಕಿಸಿಕೊಂಡು ಬನ್ನಿ, ಆಮೇಲೆ ಮುಂದುವರಿಸಿ ಎಂದರು.

ಸುಪ್ರಜಾ ಎರಡು ಸಂಜೆ ಕೂತು ಬರೆದಳು. ‘ರಾಜ, ರಾಣಿ, ಗುಲಾಮರನ್ನು ತೆಗೆದಿಟ್ಟರೆ ನಲವತ್ತು ಎಲೆ ಉಳಿಯುತ್ತವೆ. ಎಕ್ಕವೆಂದರೆ ಒಂದು. ಕಪ್ಪು ಎಲೆ ಪ್ಲಸ್, ಕೆಂಪು ಎಲೆ ಮೈನಸ್. ಕಪ್ಪು ಐದೂ ಕೆಂಪು ಎಂಟೂ ಬಂದರೆ ಐದಕ್ಕೆ ಐದು ಹೊಡೆದುಹೋಗಿ ಕೆಂಪು ಮೂರು ಉಳಿಯುತ್ತದೆ, ಅಂದರೆ ಮೈನಸ್ ಮೂರು. ಇದರಲ್ಲಿ ಪಣವಿಲ್ಲ, ಸೋಲು ಗೆಲುವಿಲ್ಲ.’ ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ತರಗತಿಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳದಿರಲು ಅವಳಿಗೆ ಮನಸ್ಸಾಗಲಿಲ್ಲ.

ವಿಶಾಖಾ ಎಂಬ ಹುಡುಗಿ, ಬಿನ್ನಿಪೇಟೆಯಿಂದ ನಡೆದು ಬರುತ್ತಿದ್ದವಳು, ಜೂನ್‌ನಿಂದ ತರಗತಿಯಲ್ಲಿ ಬಾಯಿಬಿಡದವಳು, ನಲವತ್ತು ಎಲೆಗಳನ್ನೂ ಕೂಡಿದರೆ ಸೊನ್ನೆ ಬರುತ್ತದೆಂದು ತಾನಾಗಿಯೇ ಕಂಡುಕೊಂಡಿದ್ದಳು. ಒಂದು ಎಲೆಯನ್ನು ಡಸ್ಟರಿನಡಿ ಬಚ್ಚಿಟ್ಟು ಉಳಿದ ಮೂವತ್ತೊಂಬತ್ತನ್ನು ಹರಡಿದರೆ, ಅವನ್ನು ಕೂಡಿ ಬಚ್ಚಿಟ್ಟದ್ದನ್ನು ಹೇಳಿಬಿಡುತ್ತಿದ್ದಳು. ಮೊತ್ತ ಮೈನಸ್ ಏಳು ಬಂದರೆ ಕೆಳಗಿರುವುದು ಕಪ್ಪು ಏಳು. ಸೊನ್ನೆಯಾಗಲು ಬೇರೆ ದಾರಿಯೇ ಇಲ್ಲ. ಸುಪ್ರಜಾ ಹೆಮ್ಮೆಯಿಂದ ಬರೆದಳು: ‘ನಮ್ಮ ವಿಶಾಖಾ ಈಗ ಬಚ್ಚಿಟ್ಟ ಎಲೆ ಯಾವುದೆಂದು ನೋಡದೆಯೇ ಹೇಳಬಲ್ಲಳು.’

ನಲವತ್ತೊಂದು ಪತ್ರಗಳು ಹೋದವು, ಸಹಿಯಾಗಿ ನಲವತ್ತು ಬಂದವು. ದೊರೆಸ್ವಾಮಿಯವರು ಕೂಡ, ಎಲೆಗಳು ಶಾಲೆಯಲ್ಲೇ ಇರಲಿ ಎಂಬ ಒಂದು ಸಾಲು ಸೇರಿಸಿ, ಸಹಿ ಹಾಕಿದ್ದರು.

ನಲವತ್ತೊಂದನೆಯದನ್ನು ವಿಶಾಖಾಳ ತಾಯಿ ನರಸಮ್ಮ ತಾವೇ ಹಿಡಿದುಕೊಂಡು ಬಂದರು. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅರ್ಧ ದಿನ ರಜೆ ಹಾಕಿದ್ದರಂತೆ. ಸ್ಟಾಫ್ ರೂಮಿನಲ್ಲಿ ಕುರ್ಚಿ ತೋರಿಸಿದರೂ ಕೂರಲಿಲ್ಲ. ಪತ್ರವನ್ನು ಮೇಜಿನ ಮೇಲಿಟ್ಟು ಮಗಳ ಹೆಸರಿದ್ದ ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

ಗಂಡ ಲಕ್ಷ್ಮಯ್ಯ ಮಿಲ್ಲಿನಲ್ಲಿದ್ದವರು. ಎಲೆ ಕೈಗೆ ಹತ್ತಿದ ಮೇಲೆ ಕೆಲಸ ಹೋಯಿತು, ಆಮೇಲೆ ಮನುಷ್ಯನೇ ಹೋದ. ಎರಡು ವರ್ಷದಿಂದ ಸುಳಿವಿಲ್ಲ. ಇದನ್ನೆಲ್ಲ ಅವರು ಬೇರೆ ಯಾರದೋ ಮನೆಯ ಸುದ್ದಿಯಂತೆ ತಣ್ಣಗೆ ಹೇಳಿದರು. ಮಗಳು ಮೊನ್ನೆ ಕುಣಿದುಕೊಂಡು ಬಂದು, ಬಚ್ಚಿಟ್ಟ ಎಲೆ ಯಾವುದು ಅಂತ ನಂಗೆ ಗೊತ್ತಾಗುತ್ತೆ ಅಂದಳಂತೆ. ಅಪ್ಪನೂ ಮನೆಗೆ ಬಂದು ಆಡುತ್ತಿದ್ದ ಮಾತು ಅದೇ.

ಸುಪ್ರಜಾ ಆತುರದಿಂದ ವಿವರಿಸಿದಳು. ಜೂಜಿನಲ್ಲಿ ಎಲೆಗಳು ಕಣ್ಣಿಗೆ ಕಾಣುವುದಿಲ್ಲ, ಇಲ್ಲಿ ಮೂವತ್ತೊಂಬತ್ತೂ ಎದುರಿಗೇ ಇರುತ್ತವೆ. ಇದು ಊಹೆಯಲ್ಲ, ಕೂಡುವುದು, ಕಳೆಯುವುದು ಅಷ್ಟೇ. ಹಾಳೆಯೊಂದರ ಮೇಲೆ ಬರೆದೂ ತೋರಿಸಿದಳು. ನರಸಮ್ಮ ಕೊನೆಯವರೆಗೂ ನೋಡಿದರು.

“ಲೆಕ್ಕ ಅಂತ ನಂಗೂ ಅರ್ಥ ಆಯ್ತು ಮಿಸ್,” ಎಂದರು. “ಅವರೂ ಲೆಕ್ಕ ಅಂತಾನೇ ಹೇಳ್ತಿದ್ರು.”

ಸುಪ್ರಜಾ ಆ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟಳು. ಎಲೆಗಳನ್ನು ಬಿಟ್ಟು ಬರೀ ಕಾಗದದ ಚೀಟಿಗಳ ಮೇಲೆ ಸಂಖ್ಯೆ ಬರೆದು ಕಲಿಸಿದರೆ ಆಗಬಹುದೇ ಎಂದು ಕೇಳಿದಳು. ನರಸಮ್ಮ, ನಿಮ್ಮಿಷ್ಟ, ನೀವು ಓದಿದವರು ಎಂದರು. ಪತ್ರಕ್ಕೆ ಸಹಿ ಹಾಕಲಿಲ್ಲ, ವಾಪಸು ತೆಗೆದುಕೊಂಡೂ ಹೋಗಲಿಲ್ಲ.

ಗಂಗಾಧರಯ್ಯನವರು ಎಲ್ಲ ಕೇಳಿ, ಎಲೆಗಳನ್ನು ಬೀರುವಿಗೆ ಹಾಕಿ ಬೀಗ ಹಾಕಿಸಿದರು. ನಿಮ್ಮ ತಪ್ಪಿಲ್ಲ ಬಿಡಿ ಎಂದೂ ಹೇಳಿದರು. ತಪ್ಪಿದ್ದರೆ ತಿದ್ದಿಕೊಳ್ಳಬಹುದಿತ್ತಲ್ಲ ಎನಿಸಿತು ಅವಳಿಗೆ.

ಸೋಮವಾರ ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಕತ್ತರಿಸಿ, ಕಪ್ಪು ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದ ನಲವತ್ತು ಚೀಟಿಗಳನ್ನು ತಂದಳು. ಮಕ್ಕಳು ಒಂದನ್ನು ಡಸ್ಟರಿನಡಿ ಇಟ್ಟು ಉಳಿದವನ್ನು ಹರಡಿದರು. ಎಲ್ಲರೂ ತಾವಾಗಿಯೇ ವಿಶಾಖಾಳತ್ತ ತಿರುಗಿದರು.

ಹುಡುಗಿ ಎದ್ದು ನಿಂತಳು. ಅವಳ ಕಣ್ಣು ಸಾಲಿನಿಂದ ಸಾಲಿಗೆ ಓಡಿತು. ಕೆಂಪಿಗೆ ಕಪ್ಪು, ಕಪ್ಪಿಗೆ ಕೆಂಪು ಹೊಡೆದುಹಾಕುತ್ತಾ ತುಟಿಗಳು ಅಲುಗಿದವು, ಕೊನೆಯ ಸಾಲಿಗೆ ಬಂದು ನಿಂತವು. ಉತ್ತರ ಅವಳಿಗೆ ಸಿಕ್ಕಿದ ಗಳಿಗೆಯನ್ನು ಸುಪ್ರಜಾ ಕಣ್ಣಾರೆ ಕಂಡಳು.

“ಗೊತ್ತಿಲ್ಲ ಮಿಸ್,” ಎಂದಳು ವಿಶಾಖಾ.

ಇನ್ನೊಮ್ಮೆ ನೋಡಮ್ಮ ಎಂದು ಸುಪ್ರಜಾ ಮೆಲ್ಲನೆ ಹೇಳಿದಳು.

“ಇನ್ನು ಹೇಳಲ್ಲ ಅಂತ ಅಮ್ಮನ ತಲೆ ಮುಟ್ಟಿ ಆಣೆ ಮಾಡಿದೀನಿ.”

ಅಷ್ಟು ಹೇಳಿ ಕೂತಳು. ಇನ್ನೊಬ್ಬ ಹುಡುಗ ಎದ್ದು ತಪ್ಪು ತಪ್ಪಾಗಿ ಕೂಡತೊಡಗಿದ. ಸುಪ್ರಜಾ ಅವನನ್ನು ತಿದ್ದಲಿಲ್ಲ. ಕಿಟಕಿಯ ಪಕ್ಕ ತಲೆ ತಗ್ಗಿಸಿ ಕೂತವಳನ್ನು ನೋಡುತ್ತಾ, ಆ ಒಂದು ಸಾಲನ್ನು ಬರೆದ ಕೈಯನ್ನು ಸೆರಗಿನೊಳಗೆ ಮುದುರಿಕೊಂಡು ನಿಂತಿದ್ದಳು.