ಕೆನ್ನೆಯ ಮೇಲಿನ ಚುಕ್ಕೆ

"ಫೋಟೋ ಎಲ್ಲಮ್ಮಾ?" ಎಂದ ಸಾಕುಮೀನಿನ ಅಂಗಡಿಯ ಅಜ್ಜ.

"ಅಳಿಸಿಬಿಟ್ರು ಅಜ್ಜಾ."

ಹೇಳುವಾಗಲೇ ಹಲ್ಲಿನ ಆಸ್ಪತ್ರೆಯ ಆಯಾಳಿಗೆ ಮೈ ಉರಿಯಿತು. ಕೊಳಕಾದ ಮೀನಿನ ತೊಟ್ಟಿಯ ಚಿತ್ರ ಹೊರಗೆ ಹೋದರೆ ಆಸ್ಪತ್ರೆಯ ಮಾನ ಹೋಗುತ್ತದೆಂದು ಮ್ಯಾನೇಜರು ಬೆಳಿಗ್ಗೆ ಅವಳ ಫೋನು ಕಿತ್ತುಕೊಂಡು ಅಳಿಸಿದ್ದ. ಸಾಲದೆಂಬಂತೆ, "ನಿನ್ನ ಫಿನಾಯಿಲ್ ಬಿದ್ದೇ ಮೀನಿಗೆ ರೋಗ. ಅಲ್ಲ ಅಂತ ತೋರಿಸು, ಇಲ್ಲಾಂದ್ರೆ ನಾಳೆಯಿಂದ ಬರಬೇಡ" ಎಂದಿದ್ದ.

"ಹೋಗಲಿ ಬಿಡು. ಕಣ್ಣಿದೆಯಲ್ಲ, ಹೇಳು."

"ಗೋಲ್ಡ್ ಫಿಶ್ಶು. ಅಂಗೈಯಷ್ಟಿದೆ. ಬಿಳಿ ಚುಕ್ಕೆ ಎದ್ದಿದೆ."

"ಉಪ್ಪು ಚೆಲ್ಲಿದ ಹಾಗೆ ಮೈತುಂಬಾನಾ?"

ಅವಳು ಕಣ್ಣು ಮುಚ್ಚಿದಳು. ದಿನಾ ಆ ಗಾಜು ಒರೆಸುವವಳು ಅವಳೇ. "ಇಲ್ಲ. ಉಸಿರಾಡುವಾಗ ಕೆನ್ನೆ ತೆರ್ಕೊಳ್ಳುತ್ತಲ್ಲ, ಅಲ್ಲಿ. ಆಮೇಲೆ ಮುಂದಿನ ರೆಕ್ಕೆ ಅಂಚಿಗೆ ಸಾಲಾಗಿ. ಬಾಲದಲ್ಲಿ ಒಂದೂ ಇಲ್ಲ."

"ಕಲ್ಲಿಗೆ ಮೈ ಉಜ್ಜುತ್ತಾ? ಊಟ?"

"ಉಜ್ಜಲ್ಲ. ಊಟ ಮಾತ್ರ ನನ್ನ ಮಗನಿಗಿಂತ ಚೆನ್ನಾಗಿ ಬಾರಿಸುತ್ತೆ."

ಅಜ್ಜ ಗಹಗಹಿಸಿದ. "ರೋಗ ಅಲ್ಲ ಕಣಮ್ಮಾ! ಅದು ಗಂಡು, ಪ್ರಾಯಕ್ಕೆ ಬಂದಿದೆ. ನಮ್ಮ ಹುಡುಗರಿಗೆ ಮೀಸೆ ಬಂದ ಹಾಗೆ. ನೀರು ಹೇಗಿದೆ?"

"ಹಾಲು ಬೆರೆಸಿದ ಹಾಗೆ. ಹಾಗಾಗೋಕೆ ಎರಡು ದಿನ ಮುಂಚೆ ಮ್ಯಾನೇಜರು ಫಿಲ್ಟರಿನ ಸ್ಪಂಜನ್ನ ಬಿಸಿನೀರಲ್ಲಿ ತಿಕ್ಕಿಸಿದ್ರು. ಪಳಪಳ ಅನ್ನಬೇಕಂತೆ."

ಅಜ್ಜನ ನಗು ಇಂಗಿತು. "ನೀರನ್ನ ಶುದ್ಧವಾಗಿಡೋ ಜೀವಾಣು ಇರೋದೇ ಆ ಸ್ಪಂಜಲ್ಲಿ. ಅವು ಸತ್ತಿವೆ, ಮೀನಿನ ಹೊಲಸೇ ಈಗ ವಿಷ. ಕಾಲು ಭಾಗ ನೀರು ಮಾತ್ರ ಬದಲಿಸು, ಈ ಔಷಧಿಯ ಹನಿ ಹಾಕಿ. ಇಲ್ಲಾಂದ್ರೆ ನಲ್ಲಿ ನೀರಿನ ಕ್ಲೋರಿನ್ನು ಕಿವಿರು ಸುಟ್ಟುಬಿಡುತ್ತೆ. ಓಡು."

ಓಡಿದಳು. ಆಸ್ಪತ್ರೆಯ ಬಾಗಿಲಲ್ಲೇ ನಿಂತಳು.

ತೊಟ್ಟಿ ಕನ್ನಡಿಯಂತೆ ಹೊಳೆಯುತ್ತಿತ್ತು. ಮ್ಯಾನೇಜರು ತೋಳು ಮಡಚಿ ಬೀಗುತ್ತಿದ್ದ. "ನೋಡಿದ್ಯಾ? ಅಷ್ಟೂ ನೀರು ಚೆಲ್ಲಿ ನಲ್ಲಿ ನೀರು ತುಂಬಿಸಿದೆ. ಅರ್ಧ ಗಂಟೆ ಕೆಲಸ!"

ಮೀನು ಮಗ್ಗುಲಾಗಿ ತೇಲುತ್ತಿತ್ತು.

ಅವಳು ಹನಿಯೆಲ್ಲ ಸುರಿದು, ನೀರಿಗೆ ಕೈಯಿಳಿಸಿ ಮೀನನ್ನು ಎತ್ತಿಹಿಡಿದಳು. ಕೆನ್ನೆಯ ಚುಕ್ಕೆಗಳು ಬೆರಳಿಗೆ ತರಿತರಿಯಾಗಿ ತಾಗಿದವು. ಕಿವಿರು ಒಮ್ಮೆ ತೆರೆಯಿತು. ಕಾದಳು. ಮತ್ತೆ ತೆರೆಯಲಿಲ್ಲ.

"ಹೇಳಲಿಲ್ವಾ, ರೋಗ ಬಂದೇ ಸತ್ತಿದ್ದು" ಎಂದ ಮ್ಯಾನೇಜರು.

ಅವಳು ಮೀನನ್ನು ಅಂಗೈಯಲ್ಲಿಟ್ಟುಕೊಂಡು ಬೆಂಚುಗಳತ್ತ ನಡೆದಳು. ಹಲ್ಲುನೋವಿಗೆ ಕಾದಿದ್ದವರು ಬೆಚ್ಚಿ ಹಿಂದೆ ಸರಿದರು.

"ನೋಡಿ ಸ್ವಾಮಿ. ಎಲ್ಲೆಲ್ಲಿದೆ ಚುಕ್ಕೆ?"

ಊದಿದ ಕೆನ್ನೆಯ ಹೆಂಗಸೊಬ್ಬಳು ಬಗ್ಗಿದಳು. "ಕೆನ್ನೆ ಮೇಲೆ. ರೆಕ್ಕೆ ಅಂಚಲ್ಲಿ. ಬೇರೆಲ್ಲೂ ಇಲ್ವಲ್ಲಕ್ಕಾ."

ಆಯಾ ಮ್ಯಾನೇಜರನ ಕಡೆ ತಿರುಗಿದಳು.

"ಅದು ಪ್ರಾಯದ ಗುರುತು, ರೋಗದ್ದಲ್ಲ. ಕೊಂದಿದ್ದು ನಿಮ್ಮ ನೀರು. ಇಷ್ಟು ಜನ ನೋಡಿದ್ದಾರೆ. ಈಗ ಅಳಿಸಿ ಸಾರ್, ನೋಡೋಣ."