ಒಳಗಿನ ವಿಳಾಸ

ಮಾರ್ಚ್ ಹನ್ನೆರಡು, ಬೆಳಿಗ್ಗೆ ಒಂಬತ್ತು ನಲವತ್ತು, ಆಸ್ಪತ್ರೆಯ ಐಟಿ ವಿಭಾಗ. ಸ್ಕ್ಯಾನ್‌ಗಳನ್ನಿಟ್ಟ ಕ್ಲೌಡ್ ಬಕೆಟ್ಟನ್ನು, ಅಂದರೆ ಅಂತರ್ಜಾಲದ ಸಂಗ್ರಹವನ್ನು, ಆಸ್ಪತ್ರೆಯ ಐಪಿ ವಿಳಾಸ ಬಿಟ್ಟು ಬೇರೆಲ್ಲಿಂದಲೂ ಓದಲಾಗದಂತೆ ಅವಳು ಆಗಷ್ಟೇ ಬಿಗಿಮಾಡಿದ್ದಳು. ಫೋನ್ ಬಡಿದುಕೊಂಡಿತು.

“ಏನಮ್ಮಾ, ರೋಗಿ ಮೇಜಿನ ಮೇಲಿದ್ದಾರೆ, ಸ್ಕ್ಯಾನೇ ತೆರೀತಿಲ್ಲ!” ಎಂದರು ಶಸ್ತ್ರವೈದ್ಯರು.

ಪಕ್ಕದ ಹಿರಿಯ ಸಹೋದ್ಯೋಗಿ ಪರದೆಗೆ ಬಗ್ಗಿದ. “192.168 ಅಂತ ಹಾಕಿದೀಯಲ್ಲ, ಇದು ಕಟ್ಟಡದೊಳಗಿನ ವಿಳಾಸ ಕಣೇ. ಅಂಚೆಯವನಿಗೆ ಅಡುಗೆಮನೆ ದಾರಿ ಹೇಳಿದ್ರೆ ಮನೆ ಸಿಗುತ್ತಾ? ಬಕೆಟ್‌ಗೆ ಕಾಣೋದು ನಮ್ಮ ರೌಟರಿನ ಹೊರಗಿನ ವಿಳಾಸ.”

ಪುಣ್ಯಕ್ಕೆ ಅವಳು ತಡೆದಿದ್ದು ಓದುವುದನ್ನು ಮಾತ್ರ. ಎಲ್ಲವನ್ನೂ ತಡೆದಿದ್ದರೆ ಅವಳೂ ಹೊರಗುಳಿಯುತ್ತಿದ್ದಳು; ಈಗ ನಿಯಮವನ್ನು ಇನ್ನೂ ತಿದ್ದಬಹುದಿತ್ತು. ಹೊರಗಿನ ವಿಳಾಸ ಹಾಕಿ ಉಳಿಸಿದಳು. “ಈಗ ತೆರೆದು ನೋಡಿ ಡಾಕ್ಟ್ರೇ,” ಎಂದಳು ಫೋನಿಗೆ.

“ಬಂತು,” ಎಂದ ವೈದ್ಯರು ಪಕ್ಕದವರಿಗೆ ಓದಿ ಹೇಳಿದರು: “ಎಡ ಮೂತ್ರಪಿಂಡ. ಗೆಡ್ಡೆ ಹದಿನೆಂಟು ಮಿಲಿಮೀಟರ್.”