ಐದು ಸೆಂಟಿಮೀಟರಿನ ಕೀ ಉತ್ತರ

ಯಲಹಂಕದ ನಮ್ಮ ಪಿಯು ಕಾಲೇಜಿನಲ್ಲಿ ಪ್ರತಿ ಟೆಸ್ಟ್ ಆದ ಮೇಲೂ ಮಕ್ಕಳನ್ನು ಜರಡಿ ಹಿಡಿಯುತ್ತಾರೆ. ಮೇಲೆ ಉಳಿದವರು ಎ ಸೆಕ್ಷನ್, ಉದುರಿದವರು ಬಿ. ಎ ಸೆಕ್ಷನ್ನಿಗೆ ಫಿಸಿಕ್ಸ್ ಪಾಠ ಹೇಳುವವಳು ನಾನು, ಪದ್ಮಶ್ರೀ. ಬಿ ಸೆಕ್ಷನ್ನಿಗೆ ಲೆಕ್ಚರರೇ ಇಲ್ಲ, ವಿಡಿಯೋ ಹಾಕಿ ಕೂರಿಸುತ್ತಾರೆ.

ಈ ಸಲ ಉದುರಿದ್ದು ಪುಟ್ಟೇನಹಳ್ಳಿಯ ಐಶ್ವರ್ಯ. ಎ ಸೆಕ್ಷನ್ನಿನ ಕೊನೆಯ ಸೀಟಿಗೆ ಆರು ಅಂಕ ಕಮ್ಮಿ. ಅವಳ ಪೇಪರ್ ನೋಡಿದ್ದೇ ನನಗೆ ಮೈಯೆಲ್ಲ ಉರಿಯಿತು. ಪ್ರಶ್ನೆ ಇಷ್ಟೇ: ಸ್ಪ್ರಿಂಗಿಗೆ ಕಟ್ಟಿದ ತೂಕವನ್ನು ಹತ್ತು ಸೆಂಟಿಮೀಟರ್ ಎಳೆದು ಬಿಟ್ಟರೆ, ನಡುವಿನಿಂದ ಎಷ್ಟು ದೂರದಲ್ಲಿ ಚಲನ ಶಕ್ತಿ, ಪ್ರಚ್ಛನ್ನ ಶಕ್ತಿ ಎರಡೂ ಸಮ? ಅವಳು 7.07 ಎಂದಿದ್ದಳು. ಅದೇ ಸರಿ. ಕೀ ಉತ್ತರದಲ್ಲಿ ಮಾತ್ರ 5! ನಾಲ್ಕು ಅಂಕ ಹೋದದ್ದಲ್ಲದೆ ತಪ್ಪೆಂದು ಇನ್ನೊಂದು ಕಳೆದಿದ್ದರು. ಮಿಕ್ಕವರೆಲ್ಲ ಐದಕ್ಕೇ ಗುರುತು ಹಾಕಿ ನಾಲ್ಕು ಅಂಕ ಬಾಚಿಕೊಂಡಿದ್ದರು. ಅರ್ಧ ಶಕ್ತಿಗೆ ಅರ್ಧ ದೂರವಂತೆ! ಲೋಲಕದ ದಾರ ನಾಲ್ಕು ಪಟ್ಟಾದರೆ ಆವರ್ತ ಕಾಲ ಎರಡೇ ಪಟ್ಟು ಎಂದು ಬಾಯಿ ನೋಯುವಷ್ಟು ಹೇಳಿದರೂ ನಾಲ್ಕು ಎಂದೇ ಬರೆಯುವ ಮಹಾನುಭಾವರು ಇವರು.

ಕೋಆರ್ಡಿನೇಟರ್ ಸುಬ್ರಮಣಿಯವರ ಟೇಬಲ್ಲಿಗೇ ಹೋಗಿ ಲೆಕ್ಕ ಮಾಡಿ ತೋರಿಸಿದೆ. ಪ್ರಶ್ನೆಯಲ್ಲಿದ್ದ ಸ್ಪ್ರಿಂಗಿನ ಸ್ಥಿರಾಂಕ ಮೀಟರಿಗೆ ಇನ್ನೂರು ನ್ಯೂಟನ್. ಒಟ್ಟು ಶಕ್ತಿ ಒಂದು ಜೂಲ್. ಐದು ಸೆಂಟಿಮೀಟರಿನಲ್ಲಿ ಪ್ರಚ್ಛನ್ನ ಶಕ್ತಿ ಕಾಲು ಜೂಲ್, ಚಲನ ಶಕ್ತಿ ಮುಕ್ಕಾಲು. ದೂರದ ವರ್ಗ ತೆಗೆದುಕೊಳ್ಳಬೇಕು ಸ್ವಾಮಿ, ಕಾಲೂ ಮುಕ್ಕಾಲೂ ಯಾವ ಊರಲ್ಲಿ ಸಮ ಎಂದು ಕೇಳಿದೆ. ಆ ಮನುಷ್ಯನಿಗೆ ಅರ್ಥವಾಗಲಿಲ್ಲ ಎಂದಿದ್ದರೆ ಸುಮ್ಮನಿರುತ್ತಿದ್ದೆ. ಪೂರಾ ಅರ್ಥವಾಯಿತು.

"ಕರೆಕ್ಟೇ ಮೇಡಮ್. ಆದ್ರೆ ಈಗ ಕೀ ಬದಲಾಯಿಸಿದ್ರೆ ಎಲ್ಲರಿಗೂ ಐದೈದು ಕಟ್ ಆಗುತ್ತೆ. ಪೇರೆಂಟ್ಸ್ ಗ್ರೂಪಲ್ಲಿ ನನ್ನ ಹರಾಜು ಹಾಕ್ತಾರೆ. ಎಲ್ಲರಿಗೂ ಬೋನಸ್ ಕೊಟ್ಬಿಡೋಣ, ಯಾರಿಗೂ ಬೇಜಾರಿಲ್ಲ."

ಬೋನಸ್ ಎಂದರೆ ಬರೆದವರಿಗೂ ನಾಲ್ಕು, ಬಿಟ್ಟವರಿಗೂ ನಾಲ್ಕು, ತಪ್ಪು ಬರೆದವರಿಗೂ ನಾಲ್ಕು. ಐಶ್ವರ್ಯಳಿಗೆ ಕಳೆದಿದ್ದ ಒಂದೂ ಸೇರಿ ಐದು ಅಂಕ ಹೆಚ್ಚಿತು. ಕೊನೆಯ ಸೀಟಿನ ಹುಡುಗ ಐದು ಎಂದೇ ಬರೆದಿದ್ದ, ಅವನ ನಾಲ್ಕು ಹಾಗೇ ಉಳಿಯಿತು. ಇವಳು ಒಂದೇ ಒಂದು ಅಂಕದಲ್ಲಿ ಹೊರಗೆ. ಮತ್ತೆ ವಾದಿಸಿದೆ. ಅವರು ಆಗಲೇ ಲಿಸ್ಟ್ ಕಳಿಸಿಯಾಗಿತ್ತು.

ಐಶ್ವರ್ಯ ಬ್ಯಾಗು ಎತ್ತಿಕೊಂಡು ಕಾರಿಡಾರಿನಲ್ಲಿ ನಿಂತಿದ್ದಳು. ಅಳುತ್ತಾಳೆ, ಸಮಾಧಾನ ಮಾಡೋಣ ಎಂದುಕೊಂಡು ಹೋದೆ. ಅವಳು ಅಳಲಿಲ್ಲ, ಪಾಠದ ಡೌಟು ಕೇಳುವ ಹಾಗೇ ಕೇಳಿದಳು.

"ಮೇಡಮ್, ಮುಂದಿನ್ ಟೆಸ್ಟಲ್ಲಿ ಇದೇ ಬಂದ್ರೆ ಐದು ಅಂತ್ಲೇ ಹಾಕ್ಲಾ?"

ಬೇಡ ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಬೆಲ್ ಆಯಿತು, ಅವಳು ಬಿ ಸೆಕ್ಷನ್ನಿನ ಕಡೆ ಹೊರಟಳು.